‘ಗಡಿ ಸರ್ವೆ’ ಎಂದು ಬರೆದ ಚಿತ್ರ ಮತ್ತು ಅದರೊಳಗಿನ ಉಪಕರಣಗಳು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ಮನೆಗಳಿಂದ ಬಂದ ಛಾಯಾಚಿತ್ರಗಳಲ್ಲಿ ಹೆಚ್ಚಿನವು ತರಗತಿಯ ಗುಂಪುಚಿತ್ರಗಳು. ಅವುಗಳಿಗೆ ಅಡಿಬರಹ ಬರೆಯುವುದು ಅಷ್ಟು ಕಷ್ಟವಲ್ಲ; ಒಂದು ಮುಖವನ್ನು ಗುರುತಿಸಿದವರು ಪಕ್ಕದ ಮುಖವನ್ನೂ ನೆನಪಿಸಿಕೊಳ್ಳುತ್ತಾರೆ. ಒಂದು ಚಿತ್ರ ಮಾತ್ರ ಬೇರೆ ಬಗೆಯದು. ಅದರಲ್ಲಿ ಇರುವುದು ಬಟ್ಟಬಯಲು. ನಡುವೆ ಮೂರುಕಾಲಿನ ಮರದ ಸ್ಟ್ಯಾಂಡು, ಅದರ ಮೇಲೊಂದು ದುರ್ಬೀನು. ಟೋಪಿ ತೊಟ್ಟ ಒಬ್ಬರು ಅದಕ್ಕೆ ಕಣ್ಣಿಟ್ಟು ಬಾಗಿದ್ದಾರೆ. ದೂರದಲ್ಲಿ ಒಬ್ಬ ಆಳು ತನಗಿಂತ ಬಹು ಎತ್ತರವಾದ ಪಟ್ಟೆಯ ಕೋಲನ್ನು ನೆಟ್ಟಗೆ ಹಿಡಿದು ನಿಂತಿದ್ದಾನೆ. ಮುಂಭಾಗದಲ್ಲಿ ಬರಿಗಾಲಿನ ಇನ್ನೊಬ್ಬನ ಪಾದದ ಬಳಿ ಕಬ್ಬಿಣದ ಸರಪಣಿ ಹಾಸಿದೆ. ಚಿತ್ರದ ಬೆನ್ನಿಗೆ ಯಾರೋ ಪೆನ್ಸಿಲಿನಿಂದ ‘ಗಡಿ ಸರ್ವೆ’ ಎಂದು ಬರೆದಿದ್ದಾರೆ.

ಈ ಎರಡು ಪದಗಳನ್ನು ಹಾಗೆಯೇ ಅಡಿಬರಹವಾಗಿ ಅಚ್ಚು ಹಾಕಬಹುದಿತ್ತು. ಆದರೆ ನಮ್ಮ ಸೀಮೆಯಲ್ಲಿ ‘ಗಡಿ’ ಎಂಬ ಮಾತಿಗೆ ಹೊಲದ ಬದು ಎಂಬ ಅರ್ಥ ಮಾತ್ರವಿಲ್ಲ. ತುಂಗಭದ್ರೆಯ ಬಲದಂಡೆಯ ಸಿ. ಬೆಳಗಲ್ಲಿನಿಂದ ಆದೋನಿಯವರೆಗೆ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುವ ಕುಟುಂಬಗಳಿಗೆ ಆ ಪದ ಕೇಳಿದೊಡನೆ ನೆನಪಾಗುವುದು 1953. ಆ ಅಡಿಬರಹದೊಡನೆ ಚಿತ್ರ ಅಚ್ಚಾದರೆ, ಕನ್ನಡ ನಾಡಿಗೂ ನಮಗೂ ನಡುವೆ ಗೆರೆ ಎಳೆದ ದಿನದ ಚಿತ್ರವಿದು ಎಂದು ನಮ್ಮ ಮಕ್ಕಳು ಓದಿಕೊಳ್ಳುತ್ತಾರೆ. ಸ್ಮರಣ ಸಂಚಿಕೆಯಲ್ಲಿ ಒಮ್ಮೆ ಅಚ್ಚಾದದ್ದು ಮುಂದಿನವರಿಗೆ ಆಧಾರವಾಗುತ್ತದೆ. ಆದ್ದರಿಂದ ಬೆನ್ನಿನ ಬರಹಕ್ಕಿಂತ ಮೊದಲು ಚಿತ್ರದೊಳಗಿನ ಉಪಕರಣಗಳನ್ನೇ ಕೇಳಿ ನೋಡುವುದು ಉಚಿತವೆಂದು ನಮಗೆ ತೋರಿತು. ಭೂಮಾಪನದ ಒಂದೊಂದು ಉಪಕರಣವೂ ಒಂದೊಂದು ಕೆಲಸಕ್ಕಾಗಿ ಹುಟ್ಟಿದ್ದು. ಹೆಸರು ಸರಿಯಾಗಿ ಗೊತ್ತಾದರೆ, ಆ ದಿನ ಆ ಬಯಲಿನಲ್ಲಿ ಅಳೆಯುತ್ತಿದ್ದುದು ಏನನ್ನು ಎಂಬುದೂ ಗೊತ್ತಾಗುತ್ತದೆ.

ಮೂರುಕಾಲಿನ ಮೇಲೆ ದುರ್ಬೀನು ಕಂಡೊಡನೆ ‘ಥಿಯೋಡೊಲೈಟ್’ ಎಂದುಬಿಡುವುದು ವಾಡಿಕೆ. ಹಳೆಯ ಚಿತ್ರಗಳ ಅಡಿಬರಹಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪೂ ಇದೇ. ಅಂಥ ಸ್ಟ್ಯಾಂಡಿನ ಮೇಲೆ ಸಾಮಾನ್ಯವಾಗಿ ಎರಡು ಉಪಕರಣಗಳಲ್ಲಿ ಒಂದು ಇರುತ್ತಿತ್ತು. ಒಂದು ಥಿಯೋಡೊಲೈಟ್, ಇನ್ನೊಂದು ಡಂಪಿ ಲೆವೆಲ್. ದೂರದಿಂದ ಇವೆರಡೂ ಅಣ್ಣತಮ್ಮಂದಿರಂತೆ ಕಂಡರೂ ಅವುಗಳ ಕಸುಬು ಬೇರೆ ಬೇರೆ.

ಥಿಯೋಡೊಲೈಟ್ ಕೋನಗಳನ್ನು ಅಳೆಯುವ ಯಂತ್ರ. ನಿಂತ ಸ್ಥಳದಿಂದ ಒಂದು ಗುರುತಿಗೂ ಇನ್ನೊಂದು ಗುರುತಿಗೂ ನಡುವೆ ಎಷ್ಟು ಕೋನವಿದೆ ಎಂಬುದನ್ನು ಅದು ಹೇಳುತ್ತದೆ. ಆ ಗುರುತು ಮೇಲಿದೆಯೋ ಕೆಳಗಿದೆಯೋ, ಇದ್ದರೆ ಎಷ್ಟು ಅಂಶ ಎಂಬುದನ್ನೂ ಹೇಳುತ್ತದೆ. ಈ ಕೆಲಸಕ್ಕೆ ದುರ್ಬೀನು ಎಡಬಲಕ್ಕೂ ತಿರುಗಬೇಕು, ಮೇಲೆ ಕೆಳಗೂ ಬಾಗಬೇಕು. ಆದ್ದರಿಂದ ಅದನ್ನು ಎರಡು ಪಕ್ಕದ ಕಂಬಗಳ ನಡುವೆ, ಬಾವಿಯ ಗಡಗಡೆಯನ್ನು ತೂಗುಹಾಕಿದ ಹಾಗೆ, ಅಡ್ಡ ಅಚ್ಚಿನ ಮೇಲೆ ಕೂರಿಸುತ್ತಾರೆ. ಅಚ್ಚಿನ ಒಂದು ಬದಿಗೆ ಅಂಶಗಳನ್ನು ಕೆತ್ತಿದ ನಿಂತ ಚಕ್ರ ಇರುತ್ತದೆ. ಬುಡದಲ್ಲಿ ಮಲಗಿದ ಇನ್ನೊಂದು ಚಕ್ರ ಇರುತ್ತದೆ. ನಿಂತ ಚಕ್ರವೂ ಎರಡು ಕಂಬಗಳೂ ಸೇರಿ ಥಿಯೋಡೊಲೈಟಿಗೆ ಎತ್ತರವಾದ, ತುಸು ತೊಡಕಿನ ಆಕಾರ ಕೊಡುತ್ತವೆ. ಚಿತ್ರ ಮಸುಕಾಗಿದ್ದರೂ ದುರ್ಬೀನಿನ ಪಕ್ಕದಲ್ಲಿ ಬಟ್ಟಲಿನಂಥ ಒಂದು ದುಂಡು ನೆರಳು ಕಾಣಿಸುತ್ತದೆ.

ಡಂಪಿ ಲೆವೆಲ್ಲಿಗೆ ಇಷ್ಟೆಲ್ಲ ಅಂಗಗಳಿಲ್ಲ. ವಿಲಿಯಂ ಗ್ರಾವಟ್ ಎಂಬ ಇಂಗ್ಲಿಷ್ ಇಂಜಿನಿಯರು 1832ರಲ್ಲಿ ರೂಪಿಸಿದ ಇದು, ಆವರೆಗಿನ ಉದ್ದುದ್ದ ಮಟ್ಟದ ಉಪಕರಣಗಳಿಗಿಂತ ಗಿಡ್ಡಗೆ ದಪ್ಪಗೆ ಇದ್ದುದರಿಂದಲೇ ‘ಡಂಪಿ’, ಎಂದರೆ ಗಿಡ್ಡ, ಎನ್ನಿಸಿಕೊಂಡಿತು. ಇದರಲ್ಲಿ ದುರ್ಬೀನನ್ನು ಕೆಳಗಿನ ಪಟ್ಟಿಗೆ ಭದ್ರವಾಗಿ ಬಿಗಿದಿರುತ್ತಾರೆ. ಅದು ಸುತ್ತ ತಿರುಗುತ್ತದೆಯೇ ಹೊರತು ಮೇಲೆ ಕೆಳಗೆ ಬಾಗುವುದಿಲ್ಲ. ದುರ್ಬೀನಿನ ಬೆನ್ನ ಮೇಲೆ ಅಥವಾ ಪಕ್ಕದಲ್ಲಿ ಉದ್ದನೆಯ ಗಾಜಿನ ರಸಮಟ್ಟ ಇರುತ್ತದೆ. ಗಾರೆ ಕೆಲಸದವರ ಕೈಯಲ್ಲಿ ನಾವು ನೋಡುವ ರಸಮಟ್ಟದ ಹಿರಿಯ ಬಂಧು ಅದು. ಗುಳ್ಳೆ ನಡುವಿಗೆ ಬಂದಾಗ ದುರ್ಬೀನಿನ ನೋಟದ ಗೆರೆ ನಿಂತ ನೀರಿನ ಮೇಲ್ಮೈಯಷ್ಟು ಸಮತಲ. ಕೆಲವು ಲೆವೆಲ್ಲುಗಳಿಗೆ ಸಣ್ಣ ದಿಕ್ಸೂಚಿಯ ಪೆಟ್ಟಿಗೆ ಜೋಡಿಸಿರುತ್ತಿದ್ದರು. ಆದ್ದರಿಂದ ಬುಡದಲ್ಲಿ ದುಂಡು ತಟ್ಟೆ ಕಂಡ ಮಾತ್ರಕ್ಕೆ ಥಿಯೋಡೊಲೈಟ್ ಎನ್ನಲಾಗದು. ಕೇಳಬೇಕಾದ ಪ್ರಶ್ನೆ ಒಂದೇ: ಈ ದುರ್ಬೀನು ಬಾಗಬಲ್ಲುದೇ?

ನಮ್ಮ ಚಿತ್ರದಲ್ಲಿ ದುರ್ಬೀನು ಪಕ್ಕದಿಂದ ಕಾಣುತ್ತದೆ. ಅದು ಸ್ಟ್ಯಾಂಡಿನ ತಲೆಗೆ ಅಂಟಿಕೊಂಡಂತೆ ತಗ್ಗಾಗಿ ಕುಳಿತಿದೆ. ಪಕ್ಕದ ಕಂಬಗಳಾಗಲಿ ನಿಂತ ಚಕ್ರವಾಗಲಿ ಇಲ್ಲ. ಬೆನ್ನ ಮೇಲೆ ಬಿಸಿಲಿಗೆ ಹೊಳೆಯುವ ಒಂದು ತೆಳು ಗೆರೆ ಇದೆ. ಅದು ರಸಮಟ್ಟದ ಗಾಜು. ಆದರೂ ಅಷ್ಟರಿಂದಲೇ ತೀರ್ಮಾನಕ್ಕೆ ಬರುವುದು ತರವಲ್ಲ. ಕಣ್ಣಿಟ್ಟವರ ಕೈ ಅಥವಾ ಟೋಪಿ ಚಕ್ರವನ್ನು ಮರೆಮಾಡಿರಬಹುದು. ಆದ್ದರಿಂದ ಉಪಕರಣದ ಕೆಳಗೂ ಮುಂದೂ ನೋಡಬೇಕು.

ಕೆಳಗೆ ನೋಡಬೇಕಾದದ್ದು ತೂಗುಗುಂಡನ್ನು. ಹೊಲದ ಮೂಲೆಯ ಕಲ್ಲಿನಲ್ಲಿ ಎಷ್ಟು ಕೋನವಿದೆ ಎಂದು ಅಳೆಯಬೇಕಾದರೆ ಯಂತ್ರ ಆ ಕಲ್ಲಿನ ನೆತ್ತಿಯ ಮೇಲೆಯೇ ನಿಲ್ಲಬೇಕು. ಒಂದು ಅಂಗುಲ ಆಚೀಚೆಯಾದರೂ ಅಳೆದ ಕೋನ ಬೇರೆ ಬಿಂದುವಿನದಾಗುತ್ತದೆ. ಆದ್ದರಿಂದ ಥಿಯೋಡೊಲೈಟಿನ ಸ್ಟ್ಯಾಂಡಿನ ನಡುವಿನಿಂದ ದಾರ ಇಳಿದು, ಅದರ ತುದಿಯ ಹಿತ್ತಾಳೆ ಗುಂಡು ನೆಲದ ಗುರುತಿನ ಮೇಲೆ ನಿಂತಿರುತ್ತದೆ. ಲೆವೆಲ್ಲಿಗೆ ಈ ಕಟ್ಟುಪಾಡಿಲ್ಲ. ಕಾರಣ ಅದರ ಲೆಕ್ಕದಲ್ಲೇ ಇದೆ. ಎತ್ತರ ಗೊತ್ತಿರುವ ಒಂದು ಕಲ್ಲಿನ ಮೇಲೆ ಕೋಲು ನಿಲ್ಲಿಸಿ ನೋಡಿದಾಗ ನೋಟದ ಗೆರೆ 4.35 ಅಡಿಯ ಗುರುತನ್ನು ಮುಟ್ಟಿತೆನ್ನೋಣ. ಅದೇ ಜಾಗದಿಂದ ದುರ್ಬೀನು ತಿರುಗಿಸಿ ಮುಂದಿನ ಬಿಂದುವಿನ ಕೋಲನ್ನು ನೋಡಿದಾಗ 7.85 ಅಡಿ ಕಂಡಿತೆನ್ನೋಣ. ಎರಡನೆಯ ಬಿಂದು ಮೊದಲಿನದಕ್ಕಿಂತ 3.50 ಅಡಿ ತಗ್ಗಿನಲ್ಲಿದೆ. ಈ ಕಳೆಯುವ ಲೆಕ್ಕದಲ್ಲಿ ಉಪಕರಣ ನಿಂತ ಜಾಗಕ್ಕೂ ಅದರ ಎತ್ತರಕ್ಕೂ ಯಾವ ಪಾತ್ರವೂ ಇಲ್ಲ. ಅದು ಎರಡೂ ಕೋಲುಗಳು ಕಾಣುವ ಜಾಗದಲ್ಲಿ, ಸಾಧ್ಯವಾದರೆ ಎರಡಕ್ಕೂ ಸಮದೂರದಲ್ಲಿ, ನಿಂತರೆ ಸಾಕು. ಸಮದೂರದಲ್ಲಿ ನಿಂತರೆ ನೋಟದ ಗೆರೆ ತುಸು ಓರೆಯಾಗಿದ್ದರೂ ಎರಡು ಕಡೆಯ ತಪ್ಪು ಒಂದೇ ಆಗಿ ಕಳೆದುಹೋಗುತ್ತದೆ. ಹೀಗಾಗಿ ಲೆವೆಲ್ಲಿನ ಕೆಳಗೆ ತೂಗುಗುಂಡು ಬೇಕಿಲ್ಲ. ನಮ್ಮ ಚಿತ್ರದಲ್ಲಿ ಮೂರು ಕಾಲುಗಳ ನಡುವಿನ ಜಾಗ ಸ್ಪಷ್ಟವಾಗಿದೆ. ಅಲ್ಲಿ ದಾರವೂ ಇಲ್ಲ, ಗುಂಡೂ ಇಲ್ಲ, ಕಲ್ಲೂ ಇಲ್ಲ.

ಮುಂದೆ ನೋಡಬೇಕಾದದ್ದು ದೂರದ ಆಳಿನ ಕೈಯಲ್ಲಿರುವುದನ್ನು. ಥಿಯೋಡೊಲೈಟಿನ ಎದುರು ನಿಲ್ಲುವ ಆಳು ಹಿಡಿಯುವುದು ಕೆಂಪು ಬಿಳಿ ಬಣ್ಣದ ತೆಳ್ಳನೆಯ ದುಂಡು ಕಂಬವನ್ನು. ಅದಕ್ಕೆ ರೇಂಜಿಂಗ್ ರಾಡ್ ಎನ್ನುತ್ತಾರೆ. ದಿಕ್ಕು ತೋರಿಸುವುದಷ್ಟೇ ಅದರ ಕೆಲಸವಾದ್ದರಿಂದ ಅದರ ಮೇಲೆ ಅಂಕಿಗಳಿರುವುದಿಲ್ಲ. ಎತ್ತರವೂ ಮನುಷ್ಯನಿಗಿಂತ ಬಹಳ ಹೆಚ್ಚಿರುವುದಿಲ್ಲ. ಲೆವೆಲ್ಲಿನ ಎದುರಿನ ಕೋಲು ಚಪ್ಪಟೆ. ಅದರ ಮುಖದ ತುಂಬ ಅಡಿಯ ನೂರನೆಯ ಒಂದು ಭಾಗದವರೆಗೆ ಕಪ್ಪು ಬಿಳಿ ಮನೆಗಳಿರುತ್ತವೆ. ಒಂದರೊಳಗೊಂದು ಸೇರುವ ಮೂರು ತುಂಡುಗಳನ್ನು ಪೂರ್ತಿ ಎಳೆದಾಗ 14 ಅಡಿ ಎತ್ತರವಾಗುವ ಕೋಲು ಹೆಚ್ಚು ಬಳಕೆಯಲ್ಲಿತ್ತು. ನಮ್ಮ ಚಿತ್ರದ ಕೋಲನ್ನು ಅದನ್ನು ಹಿಡಿದವನ ಎತ್ತರದೊಡನೆ ಹೋಲಿಸಿ ಅಳೆದರೆ ಸುಮಾರು ಎರಡೂವರೆ ಪಟ್ಟು ಬರುತ್ತದೆ. ಆಳಿನ ಎತ್ತರ ಐದೂವರೆ ಅಡಿಯೆಂದುಕೊಂಡರೆ ಕೋಲು ಹದಿನಾಲ್ಕು ಅಡಿಗೆ ಹತ್ತಿರ. ತಗ್ಗಾಗಿ ಬಿಗಿದ ದುರ್ಬೀನು, ತೂಗುಗುಂಡಿಲ್ಲದ ಸ್ಟ್ಯಾಂಡು, ಮನೆಗಳನ್ನು ಬಿಡಿಸಿದ ಎತ್ತರದ ಕೋಲು ಈ ಮೂರು ಸಾಕ್ಷಿಗಳೂ ಒಂದೇ ಮಾತು ಹೇಳುತ್ತವೆ. ಚಿತ್ರದಲ್ಲಿರುವುದು ಡಂಪಿ ಲೆವೆಲ್.

ಉಳಿದದ್ದು ಸರಪಣಿ. ‘ಸರಪಣಿ ಇದೆಯೆಂದ ಮೇಲೆ ಜಮೀನು ಅಳತೆಯೇ ತಾನೆ?’ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ಸಹಜವಾದದ್ದು, ಉತ್ತರ ಮಾತ್ರ ಕೊಂಡಿಯ ಉದ್ದದಲ್ಲಿದೆ. ಸರಪಣಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡರಲ್ಲೂ ನೂರು ಕೊಂಡಿಗಳು. ಮೊದಲನೆಯದು 1620ರ ಸುಮಾರಿಗೆ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ರೂಪಿಸಿದ 66 ಅಡಿಯ ಸರಪಣಿ. ಎಕರೆ ಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದದ್ದು ಇಲ್ಲ. ಹತ್ತು ಚದರ ಸರಪಣಿ ಎಂದರೆ ಒಂದು ಎಕರೆ. ಸಾವಿರ ಚದರ ಕೊಂಡಿ ಎಂದರೆ ನಮ್ಮ ರೈತರು ದಿನವೂ ಆಡುವ ಒಂದು ಸೆಂಟು. ಇದೇ ಸರಪಣಿಯ ಅರ್ಧ, ಎಂದರೆ 33 ಅಡಿ, ಉದ್ದಗಲವಿರುವ ಚೌಕವೇ ಕರ್ನಾಟಕದ ನೆಂಟರು ಹೇಳುವ ಗುಂಟೆ. ಎರಡೂವರೆ ಸೆಂಟಿಗೆ ಒಂದು ಗುಂಟೆಯಾಗುವುದು ಹೀಗೆ. ಗಡಿಯ ಈಚೆಯ ಸೆಂಟು, ಆಚೆಯ ಗುಂಟೆ ಎರಡೂ ಈ ಒಂದೇ ಸರಪಣಿಗೆ ಹೊಂದುವ ಲೆಕ್ಕಗಳು.

ಎರಡನೆಯದು ಇಂಜಿನಿಯರುಗಳ 100 ಅಡಿಯ ಸರಪಣಿ. ಎಕರೆಗೆ ಅದು ಸುಲಭವಾಗಿ ಒಗ್ಗುವುದಿಲ್ಲ; ಆದರೆ ರಸ್ತೆ, ಕಾಲುವೆ, ರೈಲುಹಾದಿಯ ಉದ್ದ ಅಳೆಯಲು, ನೂರು ಅಡಿಗೊಂದು ಬಿಂದು ಗುರುತಿಸುತ್ತ ಹೋಗಲು ಹೇಳಿ ಮಾಡಿಸಿದಂತಿದೆ. ಎರಡರಲ್ಲೂ ಹತ್ತು ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ ತೂಗಾಡುತ್ತದೆ. ಹತ್ತನೆಯದಕ್ಕೆ ಒಂದು ಹಲ್ಲು, ಇಪ್ಪತ್ತನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ನಟ್ಟನಡುವಿನ ಬಿಲ್ಲೆ ಮಾತ್ರ ದುಂಡು. ಈ ಏರ್ಪಾಡು ಎರಡು ಸರಪಣಿಗಳಿಗೂ ಸಮಾನವಾದ್ದರಿಂದ ಬಿಲ್ಲೆಯನ್ನು ನೋಡಿ ಯಾವ ಸರಪಣಿಯೆಂದು ಹೇಳಲಾಗದು. ನೋಡಬೇಕಾದದ್ದು ಒಂದು ಕೊಂಡಿಯ ಉದ್ದವನ್ನು. ಗಂಟರ್ ಸರಪಣಿಯ ಕೊಂಡಿ ಎಂಟು ಅಂಗುಲಕ್ಕೆ ತುಸು ಕಡಿಮೆ. ಇಂಜಿನಿಯರುಗಳ ಸರಪಣಿಯ ಕೊಂಡಿ ಸರಿಯಾಗಿ ಹನ್ನೆರಡು ಅಂಗುಲ. ದೊಡ್ಡವರ ಪಾದ ಸಾಮಾನ್ಯವಾಗಿ ಹತ್ತು ಅಂಗುಲದ ಆಸುಪಾಸಿನದು. ಆದ್ದರಿಂದ ಕೊಂಡಿಯ ಪಕ್ಕದಲ್ಲೇ ಒಂದು ಪಾದ ಕಂಡರೆ ಅಳತೆಪಟ್ಟಿಯೇ ಸಿಕ್ಕಂತೆ. ಕೊಂಡಿ ಪಾದಕ್ಕಿಂತ ಗಿಡ್ಡವಾದರೆ ಎಕರೆಯ ಸರಪಣಿ, ಉದ್ದವಾದರೆ ಇಂಜಿನಿಯರರದು. ಇಲ್ಲೊಂದು ಎಚ್ಚರ ಬೇಕು. ಕ್ಯಾಮೆರಾಕ್ಕೆ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವುದರಿಂದ, ಪಾದಕ್ಕೆ ತಾಗಿದಂತೆ ಅದೇ ದಿಕ್ಕಿನಲ್ಲಿ ಹಾಸಿದ ಕೊಂಡಿಯನ್ನು ಮಾತ್ರ ಹೋಲಿಸಬೇಕು. ನಮ್ಮ ಚಿತ್ರದಲ್ಲಿ ಅಂಥ ಕೊಂಡಿಗಳು ಎರಡಿವೆ. ಎರಡೂ ಪಕ್ಕದ ಬರಿಗಾಲಿಗಿಂತ ಉದ್ದವಾಗಿವೆ. ಸರಪಣಿ ಇರುವುದು ನಿಜ. ಅದು ಎಕರೆ ಅಳೆಯುವ ಸರಪಣಿಯಲ್ಲ.

ಈಗ ಎಲ್ಲವನ್ನೂ ಕೂಡಿಸಿ ನೋಡೋಣ. ನೂರು ಅಡಿಗೊಂದು ಬಿಂದು ಗುರುತಿಸಿ, ಪ್ರತಿ ಬಿಂದುವಿನ ಎತ್ತರವನ್ನು ಡಂಪಿ ಲೆವೆಲ್ಲಿನಿಂದ ಓದುತ್ತ ಸಾಗುವ ತಂಡವಿದು. ಇಂಥ ಅಳತೆ ಬೇಕಾಗುವುದು ನೀರು ಹರಿಸುವವರಿಗೆ, ಹಾದಿ ಹಾಕುವವರಿಗೆ. ನೀರಿನ ಕೆಲಸಕ್ಕೆ ಲೆವೆಲ್ಲೇ ಏಕೆ ಬೇಕೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಕಾಲುವೆಗೆ ಮೈಲಿಗೆ ಒಂದು ಅಡಿ ಇಳಿಜಾರು ಕೊಡಬೇಕಾಗಿದೆ ಎನ್ನೋಣ. ನೂರು ಅಡಿ ದೂರಕ್ಕೆ ಆ ಇಳಿತ ಕಾಲು ಅಂಗುಲಕ್ಕಿಂತಲೂ ಕಡಿಮೆ. ಥಿಯೋಡೊಲೈಟಿನ ನಿಂತ ಚಕ್ರವನ್ನು ಓದುವಾಗ ಒಂದೇ ಒಂದು ನಿಮಿಷದ, ಎಂದರೆ ಅಂಶದ ಅರವತ್ತನೆಯ ಒಂದು ಭಾಗದ, ತಪ್ಪಾದರೂ ನೂರು ಅಡಿಯಲ್ಲಿ ಅದು ಮೂರನೆಯ ಒಂದು ಅಂಗುಲದಷ್ಟಾಗುತ್ತದೆ. ತಪ್ಪು ಇಳಿಜಾರಿಗಿಂತಲೇ ದೊಡ್ಡದು! ಅಂಥ ಅಳತೆಯನ್ನು ನಂಬಿ ತೋಡಿದರೆ ನೀರು ಮುಂದಕ್ಕೆ ಹರಿಯುವ ಬದಲು ನಿಂತೀತು. ಬಾಗುವ ಶಕ್ತಿಯನ್ನೇ ಕಳೆದುಕೊಂಡ ಡಂಪಿ ಲೆವೆಲ್ಲಿನ ಬಲ ಇಲ್ಲಿದೆ. ಅದು ಒಂದೇ ಕೆಲಸ ಮಾಡುತ್ತದೆ, ಆ ಕೆಲಸವನ್ನು ನಿಖರವಾಗಿ ಮಾಡುತ್ತದೆ.

ನಮ್ಮ ಸೀಮೆಯ ಚರಿತ್ರೆಯಲ್ಲಿ ಇಂಥ ತಂಡಗಳಿಗೆ ಕೆಲಸ ಕಡಿಮೆಯಿರಲಿಲ್ಲ. 1860ರ ದಶಕದಲ್ಲಿ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ನಮ್ಮ ಸಮೀಪದ ಸುಂಕೇಸುಲದಲ್ಲಿ ತುಂಗಭದ್ರೆಗೆ ಒಡ್ಡು ಕಟ್ಟಿ, ಕರ್ನೂಲಿನಿಂದ ಕಡಪದ ಕಡೆಗೆ ಕಾಲುವೆ ತೋಡಿತು. 1882ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. 1945ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು. ಅದರ ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ಆದೋನಿ, ಎಮ್ಮಿಗನೂರು ಕಡೆಗೆ ಬಂತು. ‘ಕೆಳಮಟ್ಟದ ಕಾಲುವೆ’ ಎಂಬ ಹೆಸರಿನಲ್ಲೇ ಲೆವೆಲ್ ಅಡಗಿದೆ.

ಹಾಗಾದರೆ ಗಡಿ? ಇಲ್ಲಿಯೂ ಚರಿತ್ರೆ ಉಪಕರಣಗಳ ಮಾತನ್ನೇ ಪುಷ್ಟೀಕರಿಸುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು, ಮಿಕ್ಕ ಭಾಗ ಮೈಸೂರಿಗೆ ಸೇರಿತು. ಆ ವಿಭಜನೆ ಆದದ್ದು ತಾಲ್ಲೂಕುಗಳ ಹೆಸರು ಹಿಡಿದು, ಕಾಯಿದೆಯ ಅಕ್ಷರಗಳಲ್ಲಿ. ತಾಲ್ಲೂಕಿನ ಮೇರೆಗಳು ಮೊದಲೇ ಇದ್ದವು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತ ಮಂಡಲಗಳಲ್ಲಿ ಕಲೆಕ್ಟರ್ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿದ ಕಾಲದಿಂದ ಆದೋನಿ ಸೀಮೆಯ ಗ್ರಾಮಗಳು ಲೆಕ್ಕಕ್ಕೆ ಬಂದಿದ್ದವು. ಮದ್ರಾಸಿನ 1923ರ ಸರ್ವೆ ಮತ್ತು ಗಡಿಗಳ ಕಾಯಿದೆ ಹೊಲದ ಗಡಿಗಳಿಗೆ ಕಾನೂನಿನ ಬಲ ಕೊಟ್ಟಿತ್ತು. ನಮ್ಮನ್ನು ಬೇರೆ ಮಾಡಿದ ಗೆರೆಯನ್ನು ಬಯಲಿನಲ್ಲಿ ಟೋಪಿ ತೊಟ್ಟವರು ದುರ್ಬೀನಿನಿಂದ ಎಳೆಯಲಿಲ್ಲ. ಒಂದು ವೇಳೆ ಬದುಗಳನ್ನೋ ಗ್ರಾಮದ ಮೇರೆಯನ್ನೋ ಅಳೆಯಲು ಬಂದವರಾಗಿದ್ದರೆ ಅವರ ಬಳಿ ಥಿಯೋಡೊಲೈಟೂ ಗಂಟರ್ ಸರಪಣಿಯೂ ಇರಬೇಕಿತ್ತು, ಯಂತ್ರ ಒಂದು ಕಲ್ಲಿನ ನೆತ್ತಿಯ ಮೇಲೆ ನಿಂತಿರಬೇಕಿತ್ತು.

ಇದರ ಮಿತಿಯನ್ನೂ ಹೇಳಬೇಕು. ಉಪಕರಣಗಳನ್ನು ಮುಂದೆ ಜೋಡಿಸಿಕೊಂಡು ಸಾಲಾಗಿ ಕುಳಿತು ತೆಗೆಸಿಕೊಂಡ ಸರ್ವೆ ಶಿಬಿರದ ಚಿತ್ರಗಳೂ ಉಂಟು. ಅವುಗಳಲ್ಲಿ ಥಿಯೋಡೊಲೈಟ್, ಲೆವೆಲ್, ಸರಪಣಿ ಎಲ್ಲವೂ ಒಟ್ಟಿಗಿದ್ದು, ಆ ದಿನ ಯಾವುದು ಬಳಕೆಯಾಯಿತೆಂಬುದನ್ನು ಚಿತ್ರ ಹೇಳಲಾರದು. ನಮ್ಮದು ಆ ಬಗೆಯದಲ್ಲ. ಸ್ಟ್ಯಾಂಡಿನ ಕಾಲುಗಳು ಮಣ್ಣಿನಲ್ಲಿ ತುಳಿದು ಊರಿವೆ, ದುರ್ಬೀನಿನ ಮೂತಿ ಕೋಲಿನ ಕಡೆಗೇ ತಿರುಗಿದೆ, ಯಾರೊಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಕೆಲಸ ನಡೆಯುತ್ತಿದ್ದಾಗ ತೆಗೆದ ಚಿತ್ರವಿದು. ಆದರೆ ಅದು ಯಾವ ಕಾಲುವೆ, ಯಾವ ಹಾದಿ, ಯಾವ ವರ್ಷ ಎಂಬುದನ್ನು ಉಪಕರಣ ಹೇಳುವುದಿಲ್ಲ. ಡಂಪಿ ಲೆವೆಲ್ ನೂರು ವರ್ಷಕ್ಕೂ ಮಿಕ್ಕಿ ಹೆಚ್ಚಿನ ರೂಪಾಂತರವಿಲ್ಲದೆ ಬಳಕೆಯಲ್ಲಿತ್ತು. ಅದನ್ನು ನೋಡಿ ಕಾಲ ಹೇಳುವುದು, ಕೊಡಲಿಯನ್ನು ನೋಡಿ ಮರ ಕಡಿದ ವರ್ಷ ಹೇಳಿದಂತೆ.

ಬೆನ್ನಿನ ಪೆನ್ಸಿಲ್ ಬರಹವನ್ನು ನಾವು ಅಳಿಸಿಲ್ಲ. ಅದೂ ಒಂದು ದಾಖಲೆ. ಬಯಲಿನಲ್ಲಿ ದುರ್ಬೀನು ಕಂಡಾಗ ನಮ್ಮ ಹಿರಿಯರ ಮನಸ್ಸು ಮೊದಲು ಎತ್ತ ಹೋಯಿತೆಂಬುದನ್ನು ಅದು ಹೇಳುತ್ತದೆ. ಚಿತ್ರವನ್ನು ಸಂಚಿಕೆಯಲ್ಲಿ ಈ ಅಡಿಬರಹದೊಡನೆ ಅಚ್ಚು ಹಾಕಲಾಗಿದೆ: ‘ಡಂಪಿ ಲೆವೆಲ್, 14 ಅಡಿಯ ಅಳತೆಕೋಲು ಮತ್ತು 100 ಅಡಿಯ ಸರಪಣಿಯೊಡನೆ ನೆಲದ ಮಟ್ಟ ನೋಡುತ್ತಿರುವ ತಂಡ. ಸ್ಥಳ, ವರ್ಷ ದಾಖಲಾಗಿಲ್ಲ. ಚಿತ್ರದ ಬೆನ್ನಿನಲ್ಲಿ “ಗಡಿ ಸರ್ವೆ” ಎಂದು ಬರೆದಿದೆ. ಚಿತ್ರದಲ್ಲಿರುವುದು ಗಡಿ ಅಳೆಯುವ ಉಪಕರಣಗಳಲ್ಲ.’ ಹಳೆಯ ಪೆಟ್ಟಿಗೆಗಳಲ್ಲಿ ಇಂಥ ಚಿತ್ರಗಳು ಇನ್ನೂ ಇರುವ ಮನೆಯವರು, ಹೆಸರಿಡುವ ಮೊದಲು ದುರ್ಬೀನಿನ ಪಕ್ಕದ ಚಕ್ರವನ್ನೂ ಕಾಲುಗಳ ನಡುವಿನ ದಾರವನ್ನೂ ಪಾದದ ಬಳಿಯ ಕೊಂಡಿಯನ್ನೂ ಒಮ್ಮೆ ನೋಡಬೇಕೆಂದು ಕೋರುತ್ತೇವೆ.